ಕಾರ್ಯಕ್ರಮದ ಕ್ರಮದಲ್ಲಿ ಬದಲಾವಣೆ: ರಾಜ್ಯೋತ್ಸವ ಸಂಜೆ, ಸಾಗರ

ಎಲ್ಲರಿಗೂ ಮತ್ತೊಮ್ಮೆ ನಮಸ್ಕಾರ. ನಾಡಗೀತೆ ಆಯಿತು, ಇನ್ನೇನು ವೇದಿಕೆ ಕಾರ್ಯಕ್ರಮ ಶುರುವಾಗಬೇಕಿತ್ತು. ಮುಖ್ಯ ಅತಿಥಿಗಳ ಫೋನು ಈಗಷ್ಟೇ ಬಂತು. ಶಿವಮೊಗ್ಗದಿಂದ ಹೊತ್ತಿಗೆ ಸರಿಯಾಗಿಯೇ ಹೊರಟಿದ್ದಾರೆ. ಆದರೆ ಕುಂಸಿ ಹತ್ತಿರ ಲಾರಿಯೊಂದು ಕೆಟ್ಟು ರಸ್ತೆಗೆ ಅಡ್ಡ ನಿಂತಿದೆಯಂತೆ. ಈಗ ಒಂದೊಂದೇ ಗಾಡಿ ಬಿಡುತ್ತಿದ್ದಾರೆ. ಆ ರಸ್ತೆ ಗೊತ್ತಿರುವ ನಿಮಗೆ ನಾನು ಲೆಕ್ಕ ಹೇಳಬೇಕಾಗಿಲ್ಲ, ಇಲ್ಲಿಗೆ ಮುಟ್ಟಲು ಇನ್ನೂ ಒಂದೂಕಾಲು ಗಂಟೆ ಬೇಕು. ‘ನನಗಾಗಿ ಮಕ್ಕಳನ್ನು ಕಾಯಿಸಬೇಡಿ, ಶುರು ಮಾಡಿ’ ಎಂದು ಅವರೇ ಹೇಳಿದ್ದಾರೆ.

ಹಾಗಾಗಿ ನಿಮ್ಮ ಕೈಯಲ್ಲಿರುವ ಆಮಂತ್ರಣ ಪತ್ರಿಕೆಯನ್ನು ಸ್ವಲ್ಪ ಹೊತ್ತು ಮಡಿಸಿಟ್ಟುಕೊಳ್ಳಿ. ಮುಸ್ಸಂಜೆ ಹೊತ್ತಿನ ದೀಪವನ್ನು ತಡಮಾಡುವುದು ಬೇಡ ಎಂದು ಹಿರಿಯರು ಹೇಳಿದ್ದಾರೆ, ಸಂಘದ ಅಧ್ಯಕ್ಷರೇ ಈಗ ದೀಪ ಬೆಳಗುತ್ತಾರೆ. ಭಾಷಣ ಮತ್ತು ಸನ್ಮಾನ ಅತಿಥಿಗಳು ಬಂದ ಮೇಲೆ.

ದೀಪ ಬೆಳಗಿದ ಕೂಡಲೇ ಡೊಳ್ಳು ಕುಣಿತ. ಅತಿಥಿಗಳನ್ನು ಗೇಟಿನಿಂದ ಕರೆತರಲೆಂದು ಇಟ್ಟಿದ್ದ ಕುಣಿತ ಇದು. ಆದರೆ ತಂಡದವರು ಚರ್ಮ ಕಾಯಿಸಿ, ಹಗ್ಗ ಬಿಗಿದು ಆಗಲೇ ಸಿದ್ಧರಾಗಿದ್ದಾರೆ. ಇಬ್ಬನಿ ಇಳಿದರೆ ಚರ್ಮ ಸಡಿಲಾಗಿ ನಾದ ಹೋಗುತ್ತದೆ, ಅವರನ್ನು ನಿಲ್ಲಿಸಿಕೊಳ್ಳುವುದು ನ್ಯಾಯವಲ್ಲ. ಕುಣಿತ ಅಂಗಳದಲ್ಲಿ ನಡೆಯುತ್ತದೆ, ಕುಳಿತಲ್ಲಿಂದಲೇ ಕುರ್ಚಿ ಹಿಂದೆ ತಿರುಗಿಸಿಕೊಳ್ಳಿ. ಗೇಟಿನೊಳಗೆ ನಿಂತಿರುವ ಬಿಳಿ ಕಾರಿನವರು ದಯವಿಟ್ಟು ಗಾಡಿ ತೆಗೆಯಬೇಕು, ಡೊಳ್ಳು ಒಳಗೆ ಬರಲು ದಾರಿಯಿಲ್ಲ.

ಆಮೇಲೆ ಪ್ರಾಥಮಿಕ ಶಾಲೆಯ ಮಕ್ಕಳ ನೃತ್ಯಗಳು, ಮೂರೂ ಒಟ್ಟಿಗೆ. ಟೀಚರ್, ಪೆನ್ ಡ್ರೈವನ್ನು ಈಗಲೇ ಸೌಂಡಿನವರ ಕೈಗೆ ಕೊಟ್ಟುಬಿಡಿ. ಹಾಸ್ಟೆಲ್ ಮಕ್ಕಳು ಎಂಟಕ್ಕೆ ಹೊರಡಬೇಕಾದ್ದರಿಂದ ಅವರ ಪ್ರಬಂಧ ಸ್ಪರ್ಧೆಯ ಬಹುಮಾನಗಳನ್ನು ನೃತ್ಯದ ಬೆನ್ನಿಗೇ ಅಧ್ಯಕ್ಷರು ಕೊಡುತ್ತಾರೆ. ಉಳಿದವರ ಬಹುಮಾನ ಅತಿಥಿಗಳ ಕೈಯಿಂದಲೇ.

ಯಕ್ಷಗಾನವನ್ನು ಮುಂದಕ್ಕೆ ತನ್ನಿ ಎಂದು ಕೆಲವರು ಚೀಟಿ ಕಳಿಸಿದ್ದೀರಿ. ಚೌಕಿಯಲ್ಲಿ ಈಗಷ್ಟೇ ಮುಖಕ್ಕೆ ಬಣ್ಣ ಹಚ್ಚುತ್ತಿದ್ದಾರೆ. ಕೇದಗೆ ಮುಂದಲೆ ಕಟ್ಟುವುದು ಅವಸರದ ಕೆಲಸವಲ್ಲ. ಯಕ್ಷಗಾನ ಕೊನೆಗೇ ಇರುತ್ತದೆ, ಅದರಲ್ಲಿ ಒಂದು ಪದವನ್ನೂ ಕಡಿಮೆ ಮಾಡುವುದಿಲ್ಲ. ಕಡಿಮೆ ಮಾಡುವುದಿದ್ದರೆ ನನ್ನ ಮಾತನ್ನೇ! ಸುಗಮ ಸಂಗೀತದವರು ಮಾತ್ರ ಸಿದ್ಧರಾಗಿರಿ. ಬಹುಮಾನ ಮುಗಿದ ಮೇಲೂ ಅತಿಥಿಗಳು ಬಂದಿರದಿದ್ದರೆ ನಿಮ್ಮನ್ನೇ ಕರೆಯುತ್ತೇವೆ.

ಒಂದು ವೇಳೆ ಯಾವುದಾದರೂ ಕುಣಿತದ ಮಧ್ಯೆ ಅತಿಥಿಗಳು ಬಂದರೆ ಅದನ್ನು ನಿಲ್ಲಿಸುವುದಿಲ್ಲ. ಅವರು ಮುಂದಿನ ಸಾಲಿನಲ್ಲಿ ನಿಮ್ಮ ಜೊತೆಯೇ ಕೂತು ನೋಡುತ್ತಾರೆ, ಮುಗಿದ ಮೇಲೆ ವೇದಿಕೆಗೆ ಬರಮಾಡಿಕೊಳ್ಳೋಣ. ಸನ್ಮಾನ ಸ್ವೀಕರಿಸಲಿರುವ ಹಿರಿಯರೇ, ನಿಮ್ಮನ್ನು ಹೆಚ್ಚು ಹೊತ್ತು ಕೂರಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಚಹಾ, ಮಂಡಕ್ಕಿ ನೀವಿದ್ದಲ್ಲಿಗೇ ಬರುತ್ತದೆ.

ಈಗ ಅಧ್ಯಕ್ಷರು ದೀಪ ಬೆಳಗಬೇಕೆಂದು ಕೋರುತ್ತೇನೆ. ಡೊಳ್ಳಿನ ತಂಡದವರು ಗೇಟಿನ ಬಳಿ ಬನ್ನಿ.