ವಾರದ ಸ್ಕೋರ್‌ಕಾರ್ಡ್: ನವೆಂಬರ್ 10 ಸೋಮವಾರದಿಂದ 16 ಭಾನುವಾರ, ಹದಡಿ ರೋಡ್ ಬ್ರಾಂಚ್

ಮ್ಯಾನೇಜರ್ ಸಾರ್, ಈ ವಾರದ ಲೆಕ್ಕ ಕಳಿಸೀನಿ ನೋಡ್ರಿ. ಎಂದಿನಂಗೆ ಕೂತು ತಿಂದವರ ಬಿಲ್ ಮಾತ್ರ, ಪಾರ್ಸೆಲ್ಲು, ಆನ್‌ಲೈನ್ ಆರ್ಡರ್ ಸೇರಿಲ್ಲ, 5% ಜಿಎಸ್‌ಟಿನೂ ತೆಗೆದೀನಿ. ಬ್ರಾಕೆಟ್‌ನಾಗೆ ಇರೋದು ಹೋದ ವಾರದ್ದು.

| | ಕೆಳಗಿನ ಹಾಲ್ | ಮೇಲಿನ ಎಸಿ | ಒಟ್ಟು |
|---|---|---|---|
| ಟೇಬಲ್ / ಸೀಟು | 12 / 48 | 6 / 24 | 18 / 72 |
| ಬಿಲ್‌ಗಳು | 1,848 (1,890) | 336 (372) | 2,184 (2,262) |
| ಮಾರಾಟ ₹ | 3,10,464 (3,04,290) | 1,96,560 (2,12,040) | 5,07,024 (5,16,330) |
| ಆವರೇಜ್ ಬಿಲ್ ₹ | 168 (161) | 585 (570) | 232 (228) |
| ಟೇಬಲ್ ಟೈಮ್, ನಿಮಿಷ | 28 (27) | 52 (44) | ಸೇರಿಸಿ ನೋಡಲ್ಲ |
| ಸೀಟಿಗೆ ಮಾರಾಟ ₹ | 6,468 (6,339) | 8,190 (8,835) | 7,042 (7,171) |

ಆವರೇಜ್ ಬಿಲ್ ಎರಡೂ ಕಡೆ ಏರೈತಿ, ಆದ್ರೂ ಸೀಟಿಗೆ 129 ರೂಪಾಯಿ ಬಿದ್ದೈತಿ. ಬಿದ್ದಿದ್ದೆಲ್ಲ ಮೇಲಿನ ಎಸಿನಾಗೇ.

ಕೆಳಗಿಂದು ತಲೆಬಿಸಿ ಇಲ್ಲ. ಬಿಲ್ 42 ಕಮ್ಮಿ ಆದ್ರೂ ದುಡ್ಡು ಜಾಸ್ತಿ ಬಂದೈತಿ, ಬೆಳಗ್ಗೆ ಬೆಣ್ಣೆ ದೋಸೆ ಜೊತೆ ಕಾಫಿ ಕೇಳಿ ಕೇಳಿ ಕೊಡ್ತಿರೋದು, ಸಂಜೆ ಮಂಡಕ್ಕಿ ಹೇಳಿದವರಿಗೆ ಮೆಣಸಿನಕಾಯಿ ಬೇಕಾ ಅಂತ ಹುಡುಗ್ರು ಕೇಳ್ತಿರೋದು ಎರಡೂ ಬಿಲ್‌ನಾಗೆ ಕಾಣ್ತೈತಿ, ಹಂಗೇ ನಡೀಲಿ. ಮಧ್ಯಾಹ್ನ 3ರಿಂದ 5 ಡಲ್ಲು, ಅದು ಯಾವಾಗ್ಲೂ ಇದ್ದದ್ದೇ.

ಈಗ ಮೇಲಿಂದು. ಆವರೇಜ್ 585 ಅಂತ ಖುಷಿ ಪಡೋ ಹಂಗಿಲ್ಲ ಸಾರ್, ಶನಿವಾರ ರಾತ್ರಿ 22 ಜನದ ಬರ್ತ್‌ಡೇ ಪಾರ್ಟಿ ಒಂದೇ ಬಿಲ್ 9,460, ಅದನ್ನ ಪಕ್ಕಕ್ಕಿಟ್ಟು ನೋಡಿದ್ರೆ 558 ಅಷ್ಟೇ, ಅಂದ್ರೆ ಹೋದ ವಾರಕ್ಕಿಂತ ಇಳದೈತಿ. ಪಾರ್ಟಿಯಿಂದ ಟೇಬಲ್ ಎಲ್ಲಾ ಬ್ಲಾಕ್ ಆತು, ಲಾಸ್ ಆತು ಅಂತ ಕ್ಯಾಪ್ಟನ್ ಹೇಳಿದ್ರು, ಅದೂ ಸರಿಯಲ್ಲ: ಹಿಂದಿನ ಶನಿವಾರ ಅದೇ 7:30ರಿಂದ 9:30ಕ್ಕೆ 14 ಬಿಲ್‌ಗೆ 8,120 ಬಂದಿತ್ತು, ಪಾರ್ಟಿ ಅದಕ್ಕಿಂತ 1,340 ಜಾಸ್ತಿ ಕೊಟ್ಟೈತಿ. ಟೇಬಲ್ ಟೈಮ್‌ನಾಗೂ ಪಾರ್ಟಿ ಸೇರಿಸಿಲ್ಲ.

ಒಟ್ಟು 36 ಬಿಲ್ ಕಮ್ಮಿ, ಅದರಾಗೆ 13 ಪಾರ್ಟಿ ಲೆಕ್ಕಕ್ಕೆ ಹೋಗ್ಲಿ, ಉಳಿದ 23 ಎಲ್ಲಿಗೆ ಹೋದ್ವು? ಹದಿಮೂರು ಸಾವಿರದ ಹತ್ತಿರದ ಬಾಬ್ತು ಅದು. 52 ನಿಮಿಷ ಬಿಡಿಸಿ ನೋಡಿದೆ. ಕೂತು ಆರ್ಡರ್ ಹೇಳೋಕೆ 7 (6), ಕೆಓಟಿ ಬಿದ್ದು ಊಟ ಬರೋಕೆ 17 (15), ತಿನ್ನೋಕೆ 19 (19), ಬಿಲ್ ಕೇಳಿದ ಮೇಲೆ ದುಡ್ಡು ಕೊಟ್ಟು ಟೇಬಲ್ ಒರೆಸೋವರೆಗೆ 9 (4). ಜನ ತಿನ್ನೋದು ಒಂದು ನಿಮಿಷನೂ ಲೇಟ್ ಆಗಿಲ್ಲ ನೋಡ್ರಿ, ನಾವೇ ಎಬ್ಬಿಸ್ತಿಲ್ಲ! ಗುರುವಾರ ಮೇಲಿನ ಪ್ರಿಂಟರ್ ಕೆಟ್ಟಾಗಿಂದ ಒಂದೊಂದು ಬಿಲ್ಲಿಗೂ ಹುಡುಗ ಮೆಟ್ಲು ಇಳಿದು, ಕೆಳಗೆ ಕೌಂಟರ್ ರಶ್‌ನಾಗೆ ನಿಂತು, ತಗೊಂಡು ಹತ್ತಬೇಕು. ಭಾನುವಾರ ರಾತ್ರಿ 15ನೇ ಟೇಬಲ್ನೋರು 8:20ಕ್ಕೆ ಬಿಲ್ ಕೇಳಿದ್ದು, ಕೈಗೆ ಬಂದಿದ್ದು 8:34ಕ್ಕೆ, ಅಷ್ಟೊತ್ತಿಗೆ ಸೋಂಪು ಎರಡು ಸಲ ಖಾಲಿ. ಅದೇ ಹೊತ್ತಿನಾಗೆ ವೇಟಿಂಗ್ ಬುಕ್‌ನಾಗೆ 9 ಫ್ಯಾಮಿಲಿ ಹೆಸರು ಬರೆಸಿ ಕಾದು ಕಾದು ಹೊರಟೋಗ್ಯಾರೆ. ಜಾಮೂನು, ಐಸ್‌ಕ್ರೀಮ್ ಇಳಿದಿರೋದಕ್ಕೂ ಇದೇ ಕಾರಣ ಅಂತ ನನ್ಗನ್ಸುತ್ತೆ, ಹುಡುಗ ಮೆಟ್ಲು ಮೇಲಿದ್ರೆ ಸ್ವೀಟ್ ಏನ್ ಕೊಡ್ಲಿ ಅಂತ ಕೇಳೋರ್ಯಾರು.

ಪ್ರಿಂಟರ್ ರಿಪೇರಿಯವರು ಮಂಗಳವಾರ ಬರ್ತಾರಂತೆ, ಬಂದ್ರೆ ಬಂದ್ರು ಅನ್ನಂಗೆ ಐತಿ, ಓನರ್ ಹತ್ರ ಹೊಸದಕ್ಕೂ ಮಾತಾಡೀನಿ. ಅಲ್ಲಿವರೆಗೆ ಒಬ್ಬ ಹುಡುಗನ್ನ ಸಂಜೆ 7ರಿಂದ 10 ಬಿಲ್ಲಿಗೇ ಅಂತ ಮೆಟ್ಲು ಕೆಳಗೆ ನಿಲ್ಸಿ, ಮೊಸರನ್ನ ಮುಗಿಸಿ ಕೈ ತೊಳೆಯೋಕೆ ಎದ್ದಾಗ್ಲೇ ಕೆಳಗೆ ಹೇಳಿ ಬಿಲ್ ರೆಡಿ ಇಡ್ಸಿ, ಆದ್ರೆ ಕೇಳೋಕ್ ಮುಂಚೆ ಟೇಬಲ್ ಮೇಲೆ ಇಡೋದು ಬ್ಯಾಡ, ಫ್ಯಾಮಿಲಿನೋರು ಬೇಜಾರಾಗ್ತಾರೆ. ಯುಪಿಐ ಸ್ಕ್ಯಾನರ್ ಒಂದೇ ಐತಿ ಮೇಲೆ, ಇನ್ನೆರಡು ಸ್ಟ್ಯಾಂಡ್ ಇವತ್ತೇ ಕಳಿಸ್ತೀನಿ.

ಮುಂದಿನ ವಾರ ಮೇಲೆ ಟೇಬಲ್ ಟೈಮ್ 45ರೊಳಗೆ, ಬಿಲ್ಲಿಂದ ಒರೆಸೋವರೆಗೆ 5, ಸೀಟಿಗೆ 8,800. ಕೆಳಗೆ 6,500 ಸಾಕು. ಊಟ ಬರೋದು 15ರಿಂದ 17 ಯಾಕಾತು ಅಂತ ಅಡುಗೆ ಭಟ್ರನ್ನ ಒಂದ್ಸಲ ಕೇಳಿ, ಅದು ನನ್ ಲೆಕ್ಕದಾಗೆ ಗೊತ್ತಾಗ್ಲಿಲ್ಲ. ವೇಟಿಂಗ್ ಬುಕ್‌ನಾಗೆ ಹೊರಟೋದವರ ಹೆಸರು ಹೊಡೆಯೋವಾಗ ಪಕ್ಕದಲ್ಲಿ ಟೈಮೂ ಬರೆಸ್ರಿ ಸಾರ್.