ಮಂಚಿಗೆ: ತೊಗರಿ ಹೊಲ ನೋಡುವ ನಮ್ಮ ಡ್ರೋನ್

ಎಲ್ಲರಿಗೂ ಶರಣು ಶರಣಾರ್ಥಿ.

ವೇದಿಕೆ ಮೇಲಿರುವ ಹಿರಿಯರೇ, ನಮ್ಮ ಮುಖ್ಯ ಗುರುಗಳೇ, ವಿಜ್ಞಾನದ ಟೀಚರ್ ಅವರೇ, ಹೊಲದ ಕೆಲಸ ಬಿಟ್ಟು ನಮಗಾಗಿ ಬಂದಿರುವ ಅಪ್ಪ, ಅವ್ವ, ಮುತ್ಯಾ, ಆಯಿಗಳೇ. ನಾನು ಭಾಗ್ಯಶ್ರೀ, ಒಂಬತ್ತನೇ ತರಗತಿ. ಈ ಮೇಜಿನ ಮೇಲೆ ನಾಲ್ಕು ತೋಳು ಚಾಚಿಕೊಂಡು ಕೂತಿದೆಯಲ್ಲ, ಇದು ನಾವು ಕಟ್ಟಿದ ಡ್ರೋನ್. ಇದರ ಹೆಸರು ಮಂಚಿಗೆ.

ಹೆಸರು ಕೊಟ್ಟವರು ನನ್ನ ಮುತ್ಯಾ. ಅವರ ಕಾಲದಲ್ಲಿ ಜೋಳ ಹಾಲುಗಾಳಿಗೆ ಬಂದರೆ ಹೊಲದ ನಡುವೆ ನಾಲ್ಕು ಗೂಟ ನೆಟ್ಟು ಮಂಚಿಗೆ ಕಟ್ಟುತ್ತಿದ್ದರಂತೆ. ಅದರ ಮೇಲೆ ಕವಣೆ ಹಿಡಿದು ನಿಂತರೆ ಯಾವ ಮೂಲೆಯಲ್ಲಿ ಹಕ್ಕಿ ಇಳಿದರೂ ಕಾಣುತ್ತಿತ್ತು. ಈಗ ನಮ್ಮ ಕಡೆ ಎಲ್ಲಿ ನೋಡಿದರೂ ತೊಗರಿ. ತೊಗರಿ ಹೊಲದಲ್ಲಿ ಮಂಚಿಗೆ ಯಾರೂ ಕಟ್ಟುವುದಿಲ್ಲ. ಆದರೆ ಮೇಲೆ ನಿಂತು ನೋಡುವ ಕಣ್ಣು ತೊಗರಿಗೇ ಜಾಸ್ತಿ ಬೇಕು.

ಯಾಕೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹೂ ಬಿಡುವ ಹೊತ್ತಿಗೆ ತೊಗರಿ ನನಗಿಂತ ಎತ್ತರ. ಸಾಲಿಗೆ ಸಾಲು ಕೂಡಿಕೊಂಡಿರುತ್ತದೆ. ಬದುವಿನ ಮೇಲೆ ನಿಂತರೆ ಮುಂದಿನ ನಾಲ್ಕು ಸಾಲು ಮಾತ್ರ ಕಾಣುತ್ತವೆ. ಎರಡು ವರ್ಷದ ಹಿಂದೆ ನಮ್ಮ ಹೊಲ ಬದುವಿನಿಂದ ಚೆನ್ನಾಗಿಯೇ ಇತ್ತು. ರಾಶಿ ಮಾಡಲು ಒಳಗೆ ಹೋದಾಗ ನಡುವೆ ಹತ್ತು ಗುಂಟೆಯಷ್ಟು ಗಿಡ ನಿಂತಲ್ಲೇ ಒಣಗಿದ್ದವು. ನೆಟೆ ರೋಗ. ಅಪ್ಪ ಒಂದು ಗಿಡ ಕಿತ್ತು ಕೈಯಲ್ಲಿ ಹಿಡಿದು ಸುಮ್ನೆ ನಿಂತಿದ್ದರು. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಊರಿಗೇ ಹೆಮ್ಮೆ. ಆದರೆ ಅದನ್ನು ಬೆಳೆದವರಿಗೆ ತಮ್ಮ ಹೊಲದ ನಡುವೆ ಏನಾಗುತ್ತಿದೆ ಅಂತ ಗೊತ್ತಾಗುವ ದಾರಿ ಇರಲಿಲ್ಲ. ಅವತ್ತಿನಿಂದ ಇದೇ ನನ್ನ ತಲೆಯಲ್ಲಿತ್ತು.

ಟೀಚರ್‌ಗೆ ಹೇಳಿದೆ. ಮಲ್ಲಿಕಾರ್ಜುನ, ಆಯೇಷಾ, ರೇವಣ ಜೊತೆಯಾದರು. ಮೋಟರ್, ಬ್ಯಾಟರಿ, ಹಾರಾಟ ನಡೆಸುವ ಬೋರ್ಡು, ಜಿಪಿಎಸ್, ಇವೆಲ್ಲ ಹೈದರಾಬಾದಿನಿಂದ ಬಂದವು. ಆ ಖರ್ಚು ಕೊಟ್ಟವರು ಈ ಶಾಲೆಯಲ್ಲಿ ಓದಿ ಹೋದ ಅಣ್ಣಂದಿರು, ಅಕ್ಕಂದಿರು. ಉಳಿದದ್ದು ಊರಿನದು. ಕೆಳಗಿನ ಕಾಲುಗಳು ನೀರಿನ ಪೈಪು. ಕ್ಯಾಮೆರಾ ಕೂತಿರುವುದು ಆಯೇಷಾಳ ಟಿಫಿನ್ ಡಬ್ಬಿಯಲ್ಲಿ. ಎಲ್ಲ ಸೇರಿ ತೂಕ ಒಂದೂವರೆ ಕಿಲೋ.

ಮೊದಲ ದಿನ ಅದು ಹಾರಲೇ ಇಲ್ಲ. ಮಗುಚಿ ಬಿದ್ದು ಎರಡು ರೆಕ್ಕೆ ಮುರಿದವು. ನಾಲ್ಕು ಮೋಟರೂ ಒಂದೇ ಕಡೆ ತಿರುಗಿದರೆ ಡ್ರೋನಿನ ಮೈ ಅದರ ಎದುರು ದಿಕ್ಕಿಗೆ ಗಿರಗಿರ ತಿರುಗುತ್ತದೆ. ಅದಕ್ಕೇ ಎರಡು ಬಲಕ್ಕೆ, ಎರಡು ಎಡಕ್ಕೆ ತಿರುಗಬೇಕು. ಅವುಗಳ ರೆಕ್ಕೆಯೂ ಬೇರೆ ಬೇರೆ. ನಾವು ಒಂದು ಬದಿಯ ರೆಕ್ಕೆ ಅದಲು ಬದಲು ಹಾಕಿದ್ದೆವು. ಆ ಬದಿ ಮೇಲೆ ಏಳುವ ಬದಲು ನೆಲಕ್ಕೆ ಒತ್ತಿತು. ಪುಸ್ತಕದಲ್ಲಿ ನ್ಯೂಟನ್ನನ ಮೂರನೇ ನಿಯಮ ಓದಿದ್ದೆ. ಅವತ್ತು ಅದು ಅರ್ಥವಾಯಿತು.

ಈಗ ಇದು 100 ಅಡಿ ಮೇಲೆ ಹಾರುತ್ತದೆ. ಎತ್ತು ಕುಂಟೆ ಹೊಡೆದ ಹಾಗೆ ಈ ಬದುವಿನಿಂದ ಆ ಬದುವಿಗೆ ಹೋಗಿ, ಅಲ್ಲಿ ತಿರುಗಿ ವಾಪಸ್ ಬರುತ್ತದೆ. ದಾರಿ ನಾವು ಮೊದಲೇ ಕಂಪ್ಯೂಟರಿನಲ್ಲಿ ಹಾಕಿಕೊಟ್ಟಿರುತ್ತೇವೆ. ಹೋಗುತ್ತಾ ಫೋಟೋ ತೆಗೆಯುತ್ತದೆ. ಹೆಂಚು ಹೊದಿಸಿದ ಹಾಗೆ ಒಂದು ಫೋಟೋದ ಅಂಚಿನ ಮೇಲೆ ಇನ್ನೊಂದು ಕೂರಬೇಕು, ಆಗಲೇ ಇಡೀ ಹೊಲದ ನಕ್ಷೆ ಆಗುವುದು. ಒಂದು ಬ್ಯಾಟರಿಗೆ 12 ನಿಮಿಷ. ಅಷ್ಟರಲ್ಲಿ ಮೂರು ಎಕರೆ ಮುಗಿಯುತ್ತದೆ.

ಈ ಕ್ಯಾಮೆರಾದ ಬಗ್ಗೆ ಹೇಳಲೇಬೇಕು. ಹಸಿರೆಲೆ ಊಟ ಮಾಡಲು ಕೆಂಪು ಬೆಳಕು, ನೀಲಿ ಬೆಳಕು ಎರಡನ್ನೂ ಹೀರಿಕೊಳ್ಳುತ್ತದೆ. ಅವಕೆಂಪು ಅಂತ ಇನ್ನೊಂದು ಬೆಳಕಿದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅದು ಎಲೆಗೆ ಬೇಡ. ಚೆನ್ನಾಗಿರುವ ಎಲೆ ಅದನ್ನು ಜೋರಾಗಿ ವಾಪಸ್ ಎಸೆಯುತ್ತದೆ. ಗಿಡ ಸೊರಗಿದರೆ ಈ ಲೆಕ್ಕ ತಪ್ಪುತ್ತದೆ. ನೀಲಿ ಜಾಸ್ತಿ ವಾಪಸ್ ಬರುತ್ತದೆ, ಅವಕೆಂಪು ಕಡಿಮೆಯಾಗುತ್ತದೆ. ಸಾಮಾನ್ಯ ಕ್ಯಾಮೆರಾದೊಳಗೆ ಅವಕೆಂಪನ್ನು ತಡೆಯುವ ಗಾಜು ಇರುತ್ತದೆ. ನಮ್ಮದರಲ್ಲಿ ಆ ಗಾಜು ಇಲ್ಲ, ಬದಲಿಗೆ ಮುಂದೆ ಒಂದು ನೀಲಿ ಹಾಳೆ ಇದೆ. ಎರಡೂ ಬೆಳಕನ್ನು ಹೋಲಿಸಿ, ಚೆನ್ನಾಗಿರುವ ಜಾಗಕ್ಕೆ ಹಸಿರು, ಅನುಮಾನದ ಜಾಗಕ್ಕೆ ಹಳದಿ ಬಣ್ಣ ಬಳಿಯುವ ಪ್ರೋಗ್ರಾಂ ಬರೆದದ್ದು ಆಯೇಷಾ.

ಅನುಮಾನದ ಜಾಗ ಅಂದೆ. ರೋಗದ ಜಾಗ ಅನ್ನಲಿಲ್ಲ. ಅಕ್ಟೋಬರಿನಲ್ಲಿ ನಮ್ಮ ಹೊಲದ ಮೇಲೆ ಹಾರಿಸಿದಾಗ ಒಂದು ಮೂಲೆ ಪೂರ್ತಿ ಹಳದಿ ಬಂತು. ನನಗೆ ಅಳು ಬಂದಿತ್ತು. ಓಡಿ ಹೋಗಿ ನೋಡಿದರೆ ಅದು ಬೇವಿನ ಮರದ ನೆರಳು! ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ನಕ್ಷೆಯಲ್ಲಿ ಕಂಡ ಪ್ರತಿ ಹಳದಿ ಮಚ್ಚೆಗೂ ನಡೆದು ಹೋಗುವುದು, ಗಿಡ ಮುಟ್ಟಿ ನೋಡುವುದು, ವಹಿಯಲ್ಲಿ ಬರೆಯುವುದು. ಎಲ್ಲಿಗೆ ಹೋಗಬೇಕು ಅಂತ ಡ್ರೋನ್ ಹೇಳುತ್ತದೆ. ಏನಾಗಿದೆ ಅಂತ ಹೇಳುವವರು ಗಿಡ ಬಲ್ಲವರೇ.

ನವೆಂಬರಿನಲ್ಲಿ ರೇವಣನ ಕಾಕಾ ಅವರ ಹೊಲದಲ್ಲಿ ಮೂರು ಮಚ್ಚೆ ಕಂಡವು. ಒಂದು ಕಡೆ ನೀರು ನಿಂತ ತಗ್ಗು. ಇನ್ನೊಂದು ಕಡೆ ಎಲೆ ಸಣ್ಣಗಾಗಿ, ತಿಳಿ ಹಸಿರಾಗಿ, ಹೂವೇ ಇಲ್ಲದ ಗಿಡಗಳು. ಅದು ಗೊಡ್ಡು ರೋಗ, ನುಸಿಯಿಂದ ಹರಡುವಂಥದ್ದು. ಮೂರನೆಯ ಕಡೆ ಎಂಟು ಹತ್ತು ಗಿಡ ಬಾಡಿದ್ದವು. ಕಾಕಾ ಕಾಂಡ ಸೀಳಿದರು. ಒಳಗೆ ಕಪ್ಪು ಗೆರೆ. ರೈತ ಸಂಪರ್ಕ ಕೇಂದ್ರಕ್ಕೆ ಗಿಡ ಒಯ್ದು ತೋರಿಸಿದೆವು. ನೆಟೆ ರೋಗವೇ ಅಂದರು. ಒಮ್ಮೆ ಹತ್ತಿದ ಗಿಡ ಉಳಿಯುವುದಿಲ್ಲ. ಅದರ ಬೂಜು ಮಣ್ಣಿನಲ್ಲಿ, ಕೂಳೆಯಲ್ಲಿ ವರ್ಷಗಟ್ಟಲೆ ಇರುತ್ತದೆ. ಕಾಕಾ ಆ ಗಿಡಗಳನ್ನು ಬೇರು ಸಮೇತ ಕಿತ್ತು ಸುಟ್ಟರು. ಮುಂದಿನ ಸಲ ಆ ಪಟ್ಟಿಗೆ ತೊಗರಿ ಬೇಡ, ಜೋಳ ಹಾಕುತ್ತೇನೆ ಅಂದರು. ಉಳಿದ ಕಡೆ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಿ ಬಿತ್ತುತ್ತಾರಂತೆ. ಹತ್ತು ಗುಂಟೆ ಹೋದ ಮೇಲೆ ಗೊತ್ತಾಗುವುದಕ್ಕೂ, ಹತ್ತು ಗಿಡ ಇದ್ದಾಗಲೇ ಗೊತ್ತಾಗುವುದಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ?

ಕೆಲವು ಹಿರಿಯರು ಕೇಳಿದ್ದರು, ಹೀಗೆ ಹಾರಿಸಲು ಅಡ್ಡಿ ಇಲ್ಲವಾ ಅಂತ. 2021ರ ಡ್ರೋನ್ ನಿಯಮಗಳನ್ನು ಟೀಚರ್ ನಮ್ಮ ಜೊತೆ ಕೂತು ಓದಿದರು. ನಮ್ಮ ಊರು ಹಸಿರು ವಲಯದಲ್ಲಿದೆ. ಅಲ್ಲಿ ಗರಿಷ್ಠ ಎತ್ತರ 400 ಅಡಿ, ನಾವು ಅದರ ಕಾಲು ಭಾಗದಲ್ಲೇ ಇರುತ್ತೇವೆ. ಟೀಚರ್ ಇಲ್ಲದೆ, ಹೊಲದವರ ಒಪ್ಪಿಗೆ ಇಲ್ಲದೆ ಹಾರಿಸುವುದಿಲ್ಲ. ಜನರ ತಲೆ ಮೇಲಂತೂ ಇಲ್ಲವೇ ಇಲ್ಲ. ಅದಕ್ಕೇ ಇವತ್ತು ಈ ಪೆಂಡಾಲಿನಲ್ಲಿ ಇದು ಮೇಜಿನ ಮೇಲೆ ಸುಮ್ನೆ ಕೂತಿದೆ. ತಮ್ಮಂದಿರು, ತಂಗಿಯರು ಬೇಜಾರು ಮಾಡಿಕೊಳ್ಳಬೇಡಿ.

ನಾಳೆ ಬೆಳಿಗ್ಗೆ ಎಂಟಕ್ಕೆ, ಗಾಳಿ ಏಳುವ ಮೊದಲು, ಶಾಲೆಯ ಹಿಂದಿನ ಕಡಲೆ ಹೊಲದ ಮೇಲೆ ಹಾರಿಸುತ್ತೇವೆ. ಕಡಲೆ ಗಿಡ್ಡ ಬೆಳೆ, ನಡೆದರೂ ಕಾಣುತ್ತದೆ. ಆದರೂ ಮೇಲಿನಿಂದ ಹೇಗೆ ಕಾಣುತ್ತದೆ ಅಂತ ನೀವೇ ನೋಡಿ. ಮುಂದಿನ ಮುಂಗಾರಿಗೆ ಯಾರ ತೊಗರಿ ಹೊಲ ನೋಡಬೇಕು, ಅವರು ರೇವಣನ ವಹಿಯಲ್ಲಿ ಹೆಸರು, ಸರ್ವೆ ನಂಬರು ಬರೆಸಿ. ದುಡ್ಡು ಬೇಡ. ಒಂದೇ ಕೋರಿಕೆ. ಹಳದಿ ಮಚ್ಚೆ ಕಂಡ ದಿನ ನಮ್ಮ ಜೊತೆ ನೀವೂ ಹೊಲದೊಳಗೆ ನಡೆದು ಬರಬೇಕು. ಗಿಡದ ಬಗ್ಗೆ ನಿಮ್ಮಿಂದ ನಾವು ಕಲಿಯುವುದು ಬಹಳ ಇದೆ.

ಈಗ ಮಲ್ಲಿಕಾರ್ಜುನ, ರೇವಣನ ಕಾಕಾ ಅವರ ಹೊಲದ ನಕ್ಷೆಯನ್ನು ಪರದೆ ಮೇಲೆ ತೋರಿಸುತ್ತಾನೆ. ದಯವಿಟ್ಟು ಮುಂದಿನ ದೀಪ ಆರಿಸಿ.