240 ಸೀರೆಯ ದರದ ಬಗ್ಗೆ, ಹುಬ್ಬಳ್ಳಿಯ ಸಣ್ಣ ಸಾವಕಾರರಿಗೆ

ಸಣ್ಣ ಸಾವಕಾರರಿಗೆ ಇಳಕಲ್ಲಿನಿಂದ ನಮಸ್ಕಾರ.

ಸೋಮವಾರ ತಾವು ಫೋನಿನಲ್ಲಿ ಹೇಳಿದ್ದನ್ನು ಮನೆಯವರೆಲ್ಲ ಕೂತು ಎರಡು ಸಲ ಲೆಕ್ಕ ಹಾಕಿ ನೋಡಿದೆವು. ಮದುವೆ ಸೀಸನ್ನಿಗೆ 240 ಸೀರೆ, ದರ 3,600ರಿಂದ 3,050ಕ್ಕೆ ಇಳಿಸಬೇಕು, ಮೂರು ತಿಂಗಳ ಉದ್ರಿ ಕೊಡಬೇಕು. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಆ ದರವೂ ಆ ಉದ್ರಿಯೂ ನಮ್ಮಿಂದ ಆಗುವುದಿಲ್ಲ. "ನೋಡೋಣ, ಹೇಳ್ತೀನಿ" ಅಂತ ಎಳೆದಾಡಿದರೆ ಕೆಡುವುದು ತಮ್ಮ ಸೀಸನ್ನು.

ಲೆಕ್ಕ ಮುಚ್ಚಿಡುವಂಥದ್ದೇನಿಲ್ಲ. ಒಂದು ಸೀರೆಗೆ ನೂಲು, ರೇಷ್ಮೆ ಸೇರಿ 1,450. ನೇಯ್ಗೆ ಕೂಲಿ 1,100. ಬಣ್ಣ, ಹಾಸು, ಕೊಂಡಿಗೆ 450. ಬಡ್ಡಿ, ಸಾಗಾಣಿಕೆ, ಮಗ್ಗದ ರಿಪೇರಿ ಅಂತ 250. ಒಟ್ಟು 3,250. ತಮ್ಮ ದರಕ್ಕೆ ಕೊಟ್ಟರೆ ಸೀರೆಗೆ 200 ಕೈಯಿಂದ ಹೋಗುತ್ತದೆ, 240ಕ್ಕೆ 48,000. ನನ್ನ ಲಾಭ ಬಿಡಬಹುದು, ಒಂದು ಸೀಸನ್ನು ಬಿಟ್ಟೇನು. ಮಗ್ಗದವರ ವಾರದ ಬಟವಾಡೆಯಲ್ಲಿ ಕತ್ತರಿಸಲಾರೆ.

ಕೊಂಡಿ ಬಿಟ್ಟು ಒಂದೇ ಹಾಸಿನ ಮೇಲೆ ಸೆರಗನ್ನೂ ನೇಯ್ದರೆ ಅಗ್ಗವಾಗುತ್ತದಲ್ಲ ಅಂತಲೂ ಕೇಳಿದಿರಿ. ಆಗುತ್ತದೆ, ನಿಜ. ಆದರೆ ನಮ್ಮಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಪ್ರತಿ ಸೀರೆಗೂ ಎರಡರ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಬೇಕು. ಸೆರಗಿನ ಕೆಂಪು ಒಡಲಿಗೆ ಚೆಲ್ಲದೆ ಒಂದು ಗೆರೆಯಲ್ಲಿ ನಿಲ್ಲುವುದು ಅದರಿಂದಲೇ. ತಮ್ಮ ಅಂಗಡಿಗೆ ಬರುವ ಅಜ್ಜಿಯಂದಿರು ಸೀರೆ ಬಿಚ್ಚಿದ ಕೂಡಲೇ ಬೆರಳಾಡಿಸುವುದು ಅಲ್ಲೇ, ತಾವೂ ನೋಡಿದ್ದೀರಿ. ಅದಿಲ್ಲದ ಸೀರೆಗೆ ತೋಪುತೆನೆ ಸೆರಗು ಬರೆದು ಇಳಕಲ್ಲ ಅಂತ ಮಾರಿದರೆ ಹೆಸರು ಕೆಡುವುದು ಇಬ್ಬರದೂ. ಇದೊಂದನ್ನು ಯಾವ ದರಕ್ಕೂ ಮಾಡುವುದಿಲ್ಲ.

ಉದ್ರಿಯ ಮಾತು. ನೂಲಿನವರಿಗೆ ರೊಕ್ಕ ಎಣಿಸಿಯೇ ತರಬೇಕು. 240 ಸೀರೆಗೆ ಅದೇ 3,48,000. ಈಗಿನ 30 ದಿನವನ್ನು 45ಕ್ಕೆ ಒಯ್ಯಬಲ್ಲೆ, ಅದಕ್ಕಿಂತ ಮುಂದಿಲ್ಲ. ನಮ್ಮದು ಉದ್ಯಮ್ ನೋಂದಣಿ ಇರುವ ಮನೆ ಉದ್ಯೋಗ. 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ ಬರೆದುಕೊಂಡ ಕರಾರಿಗೂ 45 ದಿನವೇ ಮಿತಿ. ಅದನ್ನು ಮೀರಿ ಬಾಕಿ ಉಳಿದರೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ತೋರಿಸಲು ತಮಗೂ ತೊಡಕು. ತಮ್ಮ ಆಡಿಟರನ್ನು ಒಮ್ಮೆ ಕೇಳಿ. ಇದನ್ನು ಬೆದರಿಕೆ ಅಂತ ಓದಬೇಡಿ. 2020ರ ಲಾಕ್‌ಡೌನಿನಲ್ಲಿ ಅಂಗಡಿಗೆ ಬೀಗ ಬಿದ್ದಾಗಲೂ, ನಾವು ಕೇಳುವ ಮೊದಲೇ ಹಳೆಯ ಬಾಕಿ ಪೂರಾ ಕಳಿಸಿದವರು ತಮ್ಮ ತಂದೆಯವರು. ಆ ಮನೆಗೆ ಕಾಯ್ದೆ ತೋರಿಸುವ ಬಾಯಿ ನನಗಿಲ್ಲ.

ಪವರ್‌ಲೂಮ್ ಸೀರೆ ಪಕ್ಕದ ಅಂಗಡಿಯಲ್ಲಿ ಅರ್ಧ ದರಕ್ಕೆ ತೂಗಾಡುತ್ತಿರುವಾಗ ಗಲ್ಲೆಯಲ್ಲಿ ಕೂತವರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಹಾಗಾಗಿ ನನ್ನಿಂದ ಆಗುವುದನ್ನೂ ಹೇಳುತ್ತೇನೆ. ಸೆರಗಿಗೆ ಅಸಲಿ ರೇಷ್ಮೆ ಬದಲು ಆರ್ಟ್ ಸಿಲ್ಕ್ ಹಾಕಿದರೆ, ಕೊಂಡಿ ಇದ್ದೇ, ದರ 3,000ಕ್ಕೆ ಬರುತ್ತದೆ. ಚೀಟಿಯ ಮೇಲೆ ಆರ್ಟ್ ಸಿಲ್ಕ್ ಅಂತ ಸ್ಪಷ್ಟವಾಗಿ ಬರೆದಿರಬೇಕು, ಅಷ್ಟೇ. 240ರಲ್ಲಿ ನೂರು ಹೀಗೆ, ಉಳಿದದ್ದು ಅಸಲಿ ಅಂತ ಮಾಡಿಕೊಂಡರೆ ತಮಗೆ ಎರಡೂ ಬಗೆಯ ಗಿರಾಕಿ ಸಿಗುತ್ತಾರೆ. ಅಸಲಿಯೇ ಬೇಕೆಂದರೆ ನೂಲಿನ ಅರ್ಧ ರೊಕ್ಕ ಮುಂಗಡ ಕೊಡಿ, ನನಗೆ ಬಡ್ಡಿ ಉಳಿದದ್ದನ್ನು ಸೀರೆಗೆ 80ರಂತೆ ಇಳಿಸುತ್ತೇನೆ. ಎಲ್ಲ ಒಮ್ಮೆಲೇ ತುಂಬಿಕೊಳ್ಳುವುದು ಭಾರವಾದರೆ 120 ಈಗ, ಉಳಿದದ್ದು ಮಾರಾಟ ನೋಡಿಕೊಂಡು. ಆಗಲೂ ದರ ಹಳೆಯದೇ, 3,600. ಕಡಿಮೆ ಮಾಲು ಅಂತ ಏರಿಸುವುದಿಲ್ಲ.

ಪುಣೆಯ ಒಬ್ಬರು ಇದೇ ತಿಂಗಳು ಮಗ್ಗ ಕೇಳುತ್ತಿದ್ದಾರೆ. ದರ ಏರಿಸಲು ಹೇಳುತ್ತಿಲ್ಲ, ತಾರೀಖಿನ ಸಲುವಾಗಿ ಹೇಳುತ್ತಿದ್ದೇನೆ: ಬರುವ 20ರವರೆಗೆ ಎಂಟು ಮಗ್ಗ ತಮ್ಮ ಹೆಸರಿಗೇ ಇಟ್ಟಿರುತ್ತೇನೆ. ಅಷ್ಟರಲ್ಲಿ ಬೇರೆ ಕಡೆ ತಮಗೆ ಹೊಂದುವ ದರ ಸಿಕ್ಕರೆ ಸಂಕೋಚವಿಲ್ಲದೆ ತೆಗೆದುಕೊಳ್ಳಿ, ಒಂದು ಫೋನು ಮಾಡಿದರೆ ಸಾಕು. ದಸರೆ ಮಾಲಿಗೆ ಮತ್ತೆ ಕೂತು ಮಾತಾಡೋಣ.

ಮತ್ತೆ, ದಡಿ ಸಡಿಲಾಗಿದೆ ಅಂತ ತಿರುಗಿ ಕಳಿಸಿದ್ದ ಎರಡು ಗೋಮಿ ದಡಿ ಸೀರೆಯ ಬದಲಿ ಶುಕ್ರವಾರದ ಬಸ್ ಪಾರ್ಸಲಿಗೆ ಹಾಕುತ್ತೇನೆ. ಅದಕ್ಕೂ ಈ ಆರ್ಡರಿಗೂ ಸಂಬಂಧವಿಲ್ಲ. ತಂದೆಯವರ ಮೊಣಕಾಲು ಈಗ ಹೇಗಿದೆ, ತಿಳಿಸಿ.

ಇಂತಿ ತಮ್ಮ
ಇಳಕಲ್ಲ ಮಗ್ಗದ ಮನೆಯವ